ಫ್ಲಾಟ್‌ನ ಬಾಲ್ಕನಿಯಲ್ಲಿ ತುಳಸಿ: ದಿನದ ಆರೈಕೆ ಮತ್ತು ಐದು ನಿಮಿಷದ ಪೂಜೆ

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ತುಳಸಿ ಗಿಡ ಸಾಯುವುದು ಹೆಚ್ಚಾಗಿ ನೀರಿಲ್ಲದೆ ಅಲ್ಲ, ನೀರು ಜಾಸ್ತಿಯಾಗಿ. ಗಿಡವನ್ನು ಮರೆತ ಮನೆಗಿಂತ ದಿನಾ ತಪ್ಪದೆ ಪೂಜೆ ಮಾಡುವ ಮನೆಯಲ್ಲೇ ಅದು ಬೇಗ ಬಾಡುತ್ತದೆ. ಇದನ್ನು ಕೇಳಿದರೆ ಬೇಜಾರಾಗುತ್ತದೆ, ಆದರೆ ಕಾರಣ ಸರಳ. ಅಂಗಳದ ಬೃಂದಾವನಕ್ಕೆ ಬೆಳಿಗ್ಗೆ ಒಂದು ಚೊಂಬು ನೀರು ಹಾಕಿದರೆ ಅದು ಕೆಳಗಿನ ನೆಲಕ್ಕೆ ಇಳಿದು ಹೋಗುತ್ತಿತ್ತು. ಅರಿಶಿನ, ಕುಂಕುಮ, ಅಕ್ಷತೆ, ಒಂದು ಹನಿ ಹಾಲು ಎಲ್ಲವನ್ನೂ ಆ ಮಣ್ಣು ಅರಗಿಸಿಕೊಳ್ಳುತ್ತಿತ್ತು. ಬಾಲ್ಕನಿಯ ಎಂಟಿಂಚಿನ ಕುಂಡಕ್ಕೆ ಆ ಶಕ್ತಿ ಇಲ್ಲ. ಅಂಗಳದ ಪೂಜೆಯನ್ನು ಹಾಗೇ ತಂದು ಕುಂಡಕ್ಕೆ ಮಾಡಿದರೆ ಬೇರು ಕೊಳೆಯುತ್ತದೆ.

ಹಾಗಂತ ಪೂಜೆ ಕಡಿಮೆ ಮಾಡಬೇಕಿಲ್ಲ. ಗಿಡಕ್ಕೆ ಏನು ಹೋಗಬೇಕು, ಗಿಡದ ಮುಂದಿನ ತಟ್ಟೆಗೆ ಏನು ಹೋಗಬೇಕು ಎಂದು ಬೇರೆ ಮಾಡಿಕೊಂಡರೆ ಸಾಕು. ಪೂಜೆ ಪೂರ್ತಿಯಾಗುತ್ತದೆ, ಗಿಡವೂ ಉಳಿಯುತ್ತದೆ.

ಮೊದಲು ಬಿಸಿಲು ನೋಡಿ, ಆಮೇಲೆ ದಿಕ್ಕು

ತುಳಸಿಗೆ ದಿನಕ್ಕೆ ನಾಲ್ಕರಿಂದ ಆರು ಗಂಟೆ ನೇರ ಬಿಸಿಲು ಬೇಕು. ಬೆಳಕು ಬೇರೆ, ಬಿಸಿಲು ಬೇರೆ. ಗಿಡ ಇಡುವ ಜಾಗದಲ್ಲಿ ನಿಮ್ಮ ಕೈ ಚಾಚಿ, ಅಂಚು ಸ್ಪಷ್ಟವಾಗಿರುವ ನೆರಳು ಬಿದ್ದರೆ ಅದು ನೇರ ಬಿಸಿಲು. ಒಂದು ರಜೆಯ ದಿನ ಬೆಳಿಗ್ಗೆಯಿಂದ ಗಂಟೆಗೊಮ್ಮೆ ಹೀಗೆ ನೋಡಿಕೊಳ್ಳಿ. ಬಾಲ್ಕನಿಯ ಯಾವ ಮೂಲೆಗೆ ಎಷ್ಟು ಹೊತ್ತು ಬಿಸಿಲು ಬರುತ್ತದೆ ಎಂದು ಗೊತ್ತಾಗುತ್ತದೆ.

ಪೂರ್ವದ ಬಾಲ್ಕನಿ ಇದ್ದರೆ ಯೋಚನೆಯೇ ಇಲ್ಲ. ಎದುರಿಗೆ ಇನ್ನೊಂದು ಕಟ್ಟಡ ಅಡ್ಡ ಇಲ್ಲದಿದ್ದರೆ ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ಬಿಸಿಲು ಸಿಗುತ್ತದೆ. ಪಶ್ಚಿಮವೂ ನಡೆಯುತ್ತದೆ. ಆದರೆ ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನದ ಬಿಸಿಲಿಗೆ ಸಣ್ಣ ಪ್ಲಾಸ್ಟಿಕ್ ಕುಂಡ ಕಾದು ಬೇರು ಬೇಯುತ್ತದೆ. ಅಲ್ಲಿ ಮಣ್ಣಿನ ಕುಂಡವೇ ಇರಲಿ, ಇಲ್ಲವೇ ಪ್ಲಾಸ್ಟಿಕ್ ಕುಂಡವನ್ನು ಸ್ವಲ್ಪ ದೊಡ್ಡ ಮಣ್ಣಿನ ಕುಂಡದೊಳಗೆ ಇಡಿ.

ದಕ್ಷಿಣದ ಬಾಲ್ಕನಿ ಜನರನ್ನು ಮೋಸಗೊಳಿಸುತ್ತದೆ. ಬೆಂಗಳೂರು ಹೆಚ್ಚುಕಡಿಮೆ 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಬಿಸಿಲು ಬಾಲ್ಕನಿಯ ಒಳಗೆ, ಕೆಲವೊಮ್ಮೆ ಹಾಲ್‌ವರೆಗೂ ಬರುತ್ತದೆ. ಏಪ್ರಿಲ್ ಕೊನೆಯ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ, ಜೂನ್‌ನಲ್ಲಿ ಇನ್ನೂ ಸ್ವಲ್ಪ ಉತ್ತರಕ್ಕೆ. ಆಗ ಮೇಲಿನ ಮನೆಯ ಬಾಲ್ಕನಿಯೇ ನಿಮ್ಮ ಗಿಡಕ್ಕೆ ಕೊಡೆ ಹಿಡಿದುಬಿಡುತ್ತದೆ. ಚಳಿಗಾಲದಲ್ಲಿ ಚೆನ್ನಾಗಿದ್ದ ತುಳಸಿ ಬೇಸಿಗೆಯಲ್ಲಿ ಯಾಕೆ ಉದ್ದುದ್ದ ಬೆಳೆದು ಬಡಕಲಾಯಿತು ಅಂದರೆ ಇದೇ ಕಾರಣ. ಬೇಸಿಗೆ ಶುರುವಾದಾಗ ಕುಂಡವನ್ನು ಗ್ರಿಲ್‌ನ ಹತ್ತಿರಕ್ಕೆ, ಬಾಲ್ಕನಿಯ ತುದಿಗೆ ಸರಿಸಿ. ಸರಿಸಿ ಅಂದರೆ ಒಳಗಡೆಯೇ. ಗೋಡೆಯ ಮೇಲೆ, ಗ್ರಿಲ್‌ನ ಹೊರಗೆ ಇಡಬೇಡಿ. ಆರನೇ ಮಹಡಿಯಿಂದ ಕುಂಡ ಕೆಳಗೆ ಬಿದ್ದರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ.

ಉತ್ತರದ ಬಾಲ್ಕನಿಗೆ ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ನೇರ ಬಿಸಿಲು ಬೀಳುವುದೇ ಇಲ್ಲ. ಅಂಥ ಮನೆಯಲ್ಲಿ ಎರಡು ಗಿಡ ಇಟ್ಟುಕೊಳ್ಳಿ. ಒಂದು ಪೂಜೆಯ ಜಾಗದಲ್ಲಿ, ಇನ್ನೊಂದು ಟೆರೇಸಿನಲ್ಲೋ ಬಿಸಿಲು ಬರುವ ಯುಟಿಲಿಟಿಯಲ್ಲೋ ಬೆಡ್‌ರೂಮ್ ಕಿಟಕಿಯ ಗ್ರಿಲ್‌ನ ಒಳಗೋ ಇರಲಿ. ವಾರಕ್ಕೊಮ್ಮೆ ಜಾಗ ಬದಲಿಸಿ. ನೆರಳಿನಲ್ಲಿ ಒಂದು ವಾರ ಕಳೆದ ಗಿಡ ಮುಂದಿನ ವಾರ ಬಿಸಿಲಲ್ಲಿ ಚೇತರಿಸಿಕೊಳ್ಳುತ್ತದೆ.

ಈಶಾನ್ಯದಲ್ಲೇ ಇರಬೇಕು, ಪೂರ್ವದಲ್ಲೇ ಇರಬೇಕು ಎನ್ನುವವರಿದ್ದಾರೆ. ಆ ಮೂಲೆಗೆ ಬಿಸಿಲಿದ್ದರೆ ಖಂಡಿತ ಅಲ್ಲೇ ಇಡಿ. ಬಿಸಿಲಿಲ್ಲದಿದ್ದರೆ ಗಿಡ ಬದುಕುವ ಕಡೆ ಇಟ್ಟು, ಪೂಜೆ ಮಾಡುವಾಗ ನೀವು ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿ ನಿಂತುಕೊಳ್ಳಿ. ನನ್ನ ಅಭಿಪ್ರಾಯದಲ್ಲಿ ದಿಕ್ಕಿಗೋಸ್ಕರ ಗಿಡವನ್ನು ಕತ್ತಲಲ್ಲಿ ಇಡುವುದು ಸರಿಯಲ್ಲ.

ಕುಂಡ ಮತ್ತು ಮಣ್ಣು

ಹತ್ತರಿಂದ ಹನ್ನೆರಡು ಇಂಚಿನ ಕುಂಡ ಸಾಕು. ಎರಡಡಿ ಅಗಲದ ಬಾಲ್ಕನಿಯಲ್ಲೂ ಇದು ಹಿಡಿಯುತ್ತದೆ. ಮಣ್ಣಿನ ಕುಂಡ ಒಳ್ಳೆಯದು, ಜಾಸ್ತಿಯಾದ ತೇವ ಅದರ ಗೋಡೆಯಿಂದಲೂ ಆರುತ್ತದೆ. ಪಾಟರಿ ಟೌನ್ ಕಡೆ ಹೋದರೆ ತುಳಸಿಗೆಂದೇ ಮಾಡಿದ ಮಣ್ಣಿನ ಕಟ್ಟೆಗಳೂ ಸಿಗುತ್ತವೆ. ಯಾವುದನ್ನೇ ಕೊಂಡರೂ ತಲೆಕೆಳಗು ಮಾಡಿ ತಳ ನೋಡಿ. ಕಿರುಬೆರಳು ತೂರುವಷ್ಟು ತೂತು ಇರಲೇಬೇಕು.

ಕಲ್ಲಿನ, ಮಾರ್ಬಲ್‌ನ, ಹಿತ್ತಾಳೆಯ ಪುಟ್ಟ ಬೃಂದಾವನಗಳು ನೋಡಲು ತುಂಬಾ ಚೆಂದ. ಆದರೆ ಅವುಗಳಲ್ಲಿ ಎಷ್ಟೋ ಒಳಗೆ ನಾಲ್ಕಿಂಚು ಜಾಗವೂ ಇರುವುದಿಲ್ಲ, ತಳಕ್ಕೆ ತೂತೂ ಇರುವುದಿಲ್ಲ. ಅದರಲ್ಲಿ ನೇರವಾಗಿ ಗಿಡ ನೆಡಬೇಡಿ. ಮನೆಯಲ್ಲಿ ಈಗಾಗಲೇ ಇದ್ದರೆ ಅದನ್ನು ಮುಂದೆ ಇಟ್ಟು, ಕುಂಡವನ್ನು ಅದರ ಹಿಂದೆ ಒಂದು ಮಣೆಯ ಮೇಲೆ ಇಡಿ. ದೀಪ, ಹೂವು ಬೃಂದಾವನದ ಗೂಡಿಗೆ. ಬೇರು ಕುಂಡದಲ್ಲಿ.

ಮಣ್ಣಿಗೆ ಲೆಕ್ಕ ಹೀಗೆ: ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಎರೆಗೊಬ್ಬರ ಅಥವಾ ಚೆನ್ನಾಗಿ ಕಳಿತ ಸಗಣಿ ಗೊಬ್ಬರ, ಒಂದು ಪಾಲು ಕೋಕೋಪೀಟ್. ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ. ಈ ಮಣ್ಣನ್ನು ಒದ್ದೆ ಮಾಡಿ ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳಿಂದ ಮುಟ್ಟಿದರೆ ಉದುರಬೇಕು. ಉದುರದೆ ಅಂಟಿಕೊಂಡರೆ ಇನ್ನಷ್ಟು ಕೋಕೋಪೀಟ್ ಹಾಕಿ.

ಗಿಡ ತರುವಾಗ ಲಾಲ್‌ಬಾಗ್, ಸಿದ್ದಾಪುರದ ಕಡೆಯ ನರ್ಸರಿಗಳಲ್ಲಿ ಆಯ್ಕೆ ಜಾಸ್ತಿ. ಹಸಿರೆಲೆಯ ಶ್ರೀ ತುಳಸಿ, ಕಪ್ಪು ನೇರಳೆ ಬಣ್ಣದ ಕೃಷ್ಣ ತುಳಸಿ ಎರಡೂ ಪೂಜೆಗೆ ಬರುತ್ತವೆ. ಉದ್ದಕ್ಕೆ ಬೆಳೆದು ತೆನೆ ಬಿಟ್ಟ ಗಿಡ ಬೇಡ. ಒಂದು ಗೇಣು ಎತ್ತರದ, ಬುಡದಿಂದಲೇ ಕವಲೊಡೆದ ಎಳೆ ಗಿಡ ಆರಿಸಿ. ಬೇಸಿಲ್ ಎಂದು ಮಾರುವ ದೊಡ್ಡ ಮಿನುಗೆಲೆಯ ಗಿಡ ಕಾಮಕಸ್ತೂರಿಯ ಜಾತಿ, ತುಳಸಿ ಅಲ್ಲ.

ತಂದ ದಿನವೇ ಕುಂಡ ಬದಲಿಸಬೇಡಿ. ನಾಲ್ಕೈದು ದಿನ ನಿಮ್ಮ ಬಾಲ್ಕನಿಗೆ ಒಗ್ಗಲಿ. ಆಮೇಲೆ ಒಂದು ದಿನ ಬಿಸಿಲು ಇಳಿದಾಗ, ಸೂರ್ಯ ಮುಳುಗುವ ಮುಂಚೆ ಪ್ಲಾಸ್ಟಿಕ್ ಚೀಲ ಕತ್ತರಿಸಿ ತೆಗೆಯಿರಿ. ನರ್ಸರಿಯ ಗಿಡದ ಬೇರಿನ ಸುತ್ತ ಜಿಗುಟು ಕೆಂಪು ಮಣ್ಣು ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ. ಅದರ ಹೊರಭಾಗವನ್ನು ಬೆರಳಿಂದ ಮೆಲ್ಲಗೆ ಸಡಿಲ ಮಾಡಿ, ಬೇರು ಹರಿಯದ ಹಾಗೆ. ಹಾಗೇ ನೆಟ್ಟರೆ ಸುತ್ತಲಿನ ಹಗುರ ಮಣ್ಣು ಒಣಗಿದ್ದರೂ ನಡುವಿನ ಉಂಡೆ ಒದ್ದೆಯಾಗಿಯೇ ಇರುತ್ತದೆ. ಮೇಲೆ ಒಂದೂವರೆ ಇಂಚು ಜಾಗ ಬಿಟ್ಟು ಮಣ್ಣು ತುಂಬಿ.

ನೀರು: ಎಷ್ಟು, ಯಾವಾಗ, ಯಾವ ನೀರು

ದಿನಾ ಬೆಳಿಗ್ಗೆ ಪೂಜೆಗೆ ಮುಂಚೆ ತೋರುಬೆರಳನ್ನು ಮೊದಲ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ. ಬುಡದ ಹತ್ತಿರ ಬೇಡ, ಕುಂಡದ ಅಂಚಿನ ಕಡೆ. ತಣ್ಣಗೆ, ಒದ್ದೆಯಾಗಿ ಅನ್ನಿಸಿ ಮಣ್ಣು ಬೆರಳಿಗೆ ಅಂಟಿದರೆ ಇವತ್ತು ಗಿಡಕ್ಕೆ ನೀರು ಬೇಡ. ಒಣಗಿ ಪುಡಿ ಪುಡಿಯಾಗಿದ್ದರೆ ಬೇಕು.

ನೀರು ಬೇಕಾದ ದಿನ ಪೂರ್ತಿ ಹಾಕಿ. ಹತ್ತಿಂಚಿನ ಕುಂಡಕ್ಕೆ ಒಂದರಿಂದ ಒಂದೂವರೆ ಚೊಂಬು, ನಿಧಾನವಾಗಿ, ಸುತ್ತಲೂ. ತಳದ ತೂತಿನಿಂದ ನೀರು ಹೊರಬರುವವರೆಗೆ. ಬೇಡದ ದಿನ ಒಂದೇ ಒಂದು ಉದ್ಧರಣೆ ನೀರು, ಪೂಜೆಯ ಲೆಕ್ಕಕ್ಕೆ. ಒಂದು ಉದ್ಧರಣೆ ನೀರಿನಿಂದ ಬೇರಿಗೆ ಏನೂ ತೊಂದರೆ ಇಲ್ಲ. ತುಳಸಿಗೆ ನೀರು ಅರ್ಪಿಸದ ದಿನ ಅಂತಲೂ ಆಗುವುದಿಲ್ಲ. ಈ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಅರ್ಪಣೆಯ ನೀರು ದಿನಾ ಒಂದು ಉದ್ಧರಣೆ, ಗಿಡದ ನೀರು ಬೆರಳು ಹೇಳಿದಾಗ ಮಾತ್ರ.

ಅಂದಾಜಿಗೆ, ಮಾರ್ಚ್‌ನಿಂದ ಮೇವರೆಗೆ ಹೆಚ್ಚುಕಡಿಮೆ ದಿನಾ ಬೇಕಾಗುತ್ತದೆ. ಮಳೆಗಾಲದಲ್ಲಿ ದಿನ ಬಿಟ್ಟು ದಿನ ಅಥವಾ ಇನ್ನೂ ಕಡಿಮೆ. ಡಿಸೆಂಬರ್, ಜನವರಿಯಲ್ಲಿ ಎರಡು ಮೂರು ದಿನಕ್ಕೊಮ್ಮೆ. ಆದರೆ ಇದು ಅಂದಾಜು ಅಷ್ಟೇ. ಒಂದೇ ಅಪಾರ್ಟ್‌ಮೆಂಟ್‌ನ ಎರಡನೇ ಮಹಡಿಗೂ ಹನ್ನೆರಡನೇ ಮಹಡಿಗೂ ಗಾಳಿಯಿಂದಾಗಿಯೇ ವ್ಯತ್ಯಾಸ ಇರುತ್ತದೆ. ಬೆರಳನ್ನೇ ನಂಬಿ.

ಇನ್ನು ಯಾವ ನೀರು ಎನ್ನುವುದು. ಬೆಂಗಳೂರಿನಲ್ಲಿ ಇದನ್ನು ಕೇಳಲೇಬೇಕು. ಕಾವೇರಿ ನೀರು ಬಂದರೆ ಒಳ್ಳೆಯದು. ಬೋರ್‌ವೆಲ್ ನೀರು ಗಡುಸಾಗಿದ್ದರೆ ಕೆಲವು ತಿಂಗಳಲ್ಲಿ ಮಣ್ಣಿನ ಮೇಲೆ, ಕುಂಡದ ಹೊರಗೋಡೆಯ ಮೇಲೆ ಬಿಳಿ ಪುಡಿ ಕಟ್ಟುತ್ತದೆ. ಎಳೆ ಎಲೆಗಳು ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತದೆ. ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಗಿಡಕ್ಕೆ ಸಿಗುತ್ತಿಲ್ಲ ಎಂದು ಅರ್ಥ. ಆಗ ಬಿಳಿ ಕಟ್ಟಿದ ಮೇಲ್ಮಣ್ಣು ಕೆರೆದು ತೆಗೆದು ಹೊಸ ಗೊಬ್ಬರ ಹಾಕಿ. ತಿಂಗಳಿಗೊಮ್ಮೆ ಮಳೆ ನೀರನ್ನೋ ಫಿಲ್ಟರ್ ನೀರನ್ನೋ ಎರಡು ಮೂರು ಚೊಂಬು ಹಾಕಿ ಉಪ್ಪು ತೊಳೆದು ಹೋಗುವಂತೆ ಹರಿಯಬಿಡಿ.

ಅದಕ್ಕಿಂತ ಕೆಟ್ಟದ್ದು ಸಾಫ್ಟ್‌ನರ್ ನೀರು. ಬಹಳಷ್ಟು ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ ಬೋರ್‌ವೆಲ್ ನೀರನ್ನು ಉಪ್ಪು ಹಾಕುವ ಯಂತ್ರದಲ್ಲಿ ಮೆದು ಮಾಡಿ ನಲ್ಲಿಗೆ ಬಿಡುತ್ತಾರೆ. ಅದರಲ್ಲಿ ಸುಣ್ಣದ ಅಂಶ ಹೋಗಿ ಸೋಡಿಯಂ ಸೇರಿಕೊಂಡಿರುತ್ತದೆ. ಮೈ ತೊಳೆದಷ್ಟೂ ಸೋಪು ಹೋಗಿಲ್ಲವೇನೋ ಅನ್ನುವ ಹಾಗೆ ಜಾರುತ್ತಿದ್ದರೆ ಅದು ಸಾಫ್ಟ್‌ನರ್ ನೀರಿನ ಗುರುತು. ಅನುಮಾನ ಇದ್ದರೆ ಅಸೋಸಿಯೇಷನ್‌ನವರನ್ನು ಕೇಳಿ. ಈ ನೀರು ಗಿಡಕ್ಕೆ ದಿನಾ ಹೋದರೆ ಎಲೆಯ ತುದಿ, ಅಂಚು ಸುಟ್ಟಂತೆ ಕಂದಾಗುತ್ತದೆ, ಮಣ್ಣು ಗಟ್ಟಿಯಾಗಿ ನೀರು ಹೀರುವುದನ್ನು ಬಿಡುತ್ತದೆ. ಕುಡಿಯುವ ನೀರಿನ ಆರ್‌ಒ ಯಂತ್ರದಿಂದ ಹೊರಹೋಗುವ ನೀರನ್ನು ಹಾಳು ಮಾಡಬಾರದು ಎಂದು ಗಿಡಕ್ಕೆ ಹಾಕುವವರಿದ್ದಾರೆ. ಅದರಲ್ಲಿ ಉಪ್ಪು ಇನ್ನೂ ಗಟ್ಟಿಯಾಗಿರುತ್ತದೆ. ಅದು ನೆಲ ಒರೆಸಲು ಇರಲಿ. ತುಳಸಿಗೆ ವಾರಕ್ಕೆ ಬೇಕಾಗುವುದು ಮೂರು ನಾಲ್ಕು ಲೀಟರ್, ಬೇಸಿಗೆಯಲ್ಲಿ ಅದರ ಎರಡರಷ್ಟು. ಅಷ್ಟನ್ನು ಕುಡಿಯುವ ನೀರಿನಿಂದಲೇ ಕೊಡಬಹುದು.

ಕುಂಡದ ಕೆಳಗೆ ಟ್ರೇ ಇಡಿ, ಇಲ್ಲದಿದ್ದರೆ ಕೆಸರು ನೀರು ಕೆಳಗಿನ ಮನೆಯವರ ಬಟ್ಟೆಯ ಮೇಲೆ ಬೀಳುತ್ತದೆ. ನೀರು ಹಾಕಿ ಅರ್ಧ ಗಂಟೆಯಾದ ಮೇಲೆ ಟ್ರೇ ಖಾಲಿ ಮಾಡಿ. ನಿಂತ ನೀರಿನಲ್ಲಿ ಬೇರು ಉಸಿರಾಡುವುದಿಲ್ಲ, ಜೊತೆಗೆ ಡೆಂಗಿ ಸೊಳ್ಳೆ ಮೊಟ್ಟೆಯಿಡುವುದು ಇಂಥ ತಿಳಿ ನೀರಿನಲ್ಲೇ. ಮೊಟ್ಟೆ ಸೊಳ್ಳೆಯಾಗಲು ಹೆಚ್ಚುಕಡಿಮೆ ಒಂದು ವಾರ ಸಾಕು.

ಬೆಳಗಿನ ಪೂಜೆ, ಐದು ನಿಮಿಷದಲ್ಲಿ

ಬೇಕಾಗುವುದು ಇಷ್ಟು: ಒಂದು ಪಂಚಪಾತ್ರೆ, ಉದ್ಧರಣೆ, ಒಂದು ಅಂಗೈ ಅಗಲದ ತಟ್ಟೆ, ಅರಿಶಿನ, ಕುಂಕುಮ, ಅಕ್ಷತೆ, ಒಂದು ಹೂವು, ದೀಪ. ಇವೆಲ್ಲ ಒಂದು ಸಣ್ಣ ಬುಟ್ಟಿಯಲ್ಲಿ ಬಾಲ್ಕನಿ ಬಾಗಿಲ ಹತ್ತಿರವೇ ಇದ್ದರೆ ಹುಡುಕುವ ಹೊತ್ತು ಉಳಿಯುತ್ತದೆ. ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ಪೂಜೆ ತಪ್ಪುವುದು ಪೂಜೆಗೆ ಹೊತ್ತಿಲ್ಲದೆ ಅಲ್ಲ, ಸಾಮಾನು ಹೊಂದಿಸಲು ಹೊತ್ತಿಲ್ಲದೆ.

ಸ್ನಾನ ಮಾಡಿ ಬಂದು ಮೊದಲು ನಿನ್ನೆಯ ಹೂವು, ಅಕ್ಷತೆ ತೆಗೆಯಿರಿ. ಕುಂಡದ ಮುಂದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಟೈಲ್ಸ್ ಮೇಲೆ ಒಂದು ಅಂಗೈ ಅಗಲದ ರಂಗೋಲಿ ಹಾಕಿ, ಶಂಖವೋ ಪದ್ಮವೋ. ಗಾಳಿಗೆ ಪುಡಿ ಹಾರುವ ಮಹಡಿಯಾದರೆ ಒಂದು ಮಣೆಯ ಮೇಲೆ ಸುಣ್ಣದ ಕಡ್ಡಿಯಲ್ಲೇ ಬರೆಯಿರಿ, ಅಥವಾ ಅಕ್ಕಿ ಹಿಟ್ಟನ್ನು ನೀರಿನಲ್ಲಿ ಕಲಸಿ ಬೆರಳಲ್ಲಿ ಎಳೆಯಿರಿ. ಒಣಗಿದ ಮೇಲೆ ಹಾರುವುದಿಲ್ಲ.

ದೀಪ ಹಚ್ಚಿ. ಉದ್ಧರಣೆಯಲ್ಲಿ ನೀರು ತೆಗೆದುಕೊಂಡು ಬುಡದಿಂದ ಎರಡು ಬೆರಳು ದೂರಕ್ಕೆ ಮಣ್ಣಿಗೆ ಬಿಡಿ. ಕಾಂಡದ ಮೇಲೆ ಬೇಡ. ಅರಿಶಿನ, ಕುಂಕುಮವನ್ನು ಕುಂಡದ ಹೊರಗೋಡೆಗೆ ಹಚ್ಚಿ. ಕಾಂಡಕ್ಕೆ, ಎಲೆಗೆ, ಮಣ್ಣಿಗೆ ಹಾಕುವುದು ಬೇಡ. ಅಂಗಡಿಯ ಕುಂಕುಮದಲ್ಲಿ ಬಣ್ಣ, ಸುಣ್ಣ ಇರುತ್ತದೆ, ಸಣ್ಣ ಕುಂಡದಲ್ಲಿ ಅದು ದಿನದಿಂದ ದಿನಕ್ಕೆ ಸೇರುತ್ತಾ ಹೋಗುತ್ತದೆ. ಅಕ್ಷತೆ, ಹೂವು ಮುಂದಿನ ತಟ್ಟೆಗೆ. ಹಾಲು, ಹಣ್ಣು, ಸಕ್ಕರೆ ನೈವೇದ್ಯ ಇದ್ದರೆ ಅದೂ ತಟ್ಟೆಯ ಪಕ್ಕದ ಬಟ್ಟಲಿನಲ್ಲೇ ಇರಲಿ. ಹಾಲನ್ನು ಮಣ್ಣಿಗೆ ಸುರಿದರೆ ಒಂದೇ ದಿನದಲ್ಲಿ ಹುಳಿಯಾಗಿ ಇರುವೆ, ಸಣ್ಣ ನೊಣ ಬರುತ್ತವೆ. ಊದುಬತ್ತಿಯನ್ನು ಕುಂಡದ ಮಣ್ಣಿಗೆ ಚುಚ್ಚುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ, ಸ್ಟ್ಯಾಂಡಿನಲ್ಲಿಟ್ಟು ಎಲೆಯಿಂದ ದೂರ ಇಡಿ.

ಕೈ ಮುಗಿದು ಹೇಳಿಕೊಳ್ಳಲು ಮನೆಮನೆಯಲ್ಲೂ ಬರುವ ಶ್ಲೋಕ ಇದು:

ಯನ್ಮೂಲೇ ಸರ್ವತೀರ್ಥಾನಿ ಯನ್ಮಧ್ಯೇ ಸರ್ವದೇವತಾಃ |
ಯದಗ್ರೇ ಸರ್ವವೇದಾಶ್ಚ ತುಲಸಿ ತ್ವಾಂ ನಮಾಮ್ಯಹಮ್ ||

ಬುಡದಲ್ಲಿ ತೀರ್ಥಗಳು, ನಡುವೆ ದೇವತೆಗಳು, ತುದಿಯಲ್ಲಿ ವೇದಗಳು ಇರುವ ತುಳಸಿಗೆ ನಮಸ್ಕಾರ ಎಂದು ಅರ್ಥ. ಹೇಳುವಾಗ ಬುಡದಿಂದ ಕುಡಿಯವರೆಗೆ ಕಣ್ಣು ಹಾಯಿಸಿ. ನಾನು ದಿನಾ ಹೀಗೇ ಮಾಡುವುದು. ಬುಡ ಕಪ್ಪಾಗಿದೆಯೇ, ನಡುವಿನ ಎಲೆಯ ಕೆಳಗೆ ಹುಳ ಇದೆಯೇ, ತುದಿಯಲ್ಲಿ ತೆನೆ ಬಂದಿದೆಯೇ, ಎಲ್ಲವೂ ಆ ನಮಸ್ಕಾರದಲ್ಲೇ ಕಣ್ಣಿಗೆ ಬೀಳುತ್ತದೆ.

ಪ್ರದಕ್ಷಿಣೆಗೆ ಜಾಗ ಎಲ್ಲಿದೆ? ಕುಂಡ ಗೋಡೆಗೆ ಒತ್ತಿಕೊಂಡೇ ಇರುತ್ತದೆ. ನಿಂತಲ್ಲೇ ಬಲಕ್ಕೆ ಮೂರು ಸುತ್ತು ಆತ್ಮಪ್ರದಕ್ಷಿಣೆ ಮಾಡಿ. ದೇವಸ್ಥಾನದಲ್ಲೂ ಜಾಗವಿಲ್ಲದಾಗ ಹಾಗೇ ಮಾಡುತ್ತೇವೆ, ಅಲ್ವಾ? ಕೊನೆಗೆ ಒಂದು ಉದ್ಧರಣೆ ನೀರನ್ನು ತಟ್ಟೆಗೆ ಬಿಟ್ಟು ಕೃಷ್ಣಾರ್ಪಣ ಎಂದರೆ ಪೂಜೆ ಮುಗಿಯಿತು. ತಟ್ಟೆಯ ಹೂವು ಮಾರನೇ ಬೆಳಿಗ್ಗೆ ತೆಗೆದು ಒಂದು ಡಬ್ಬಿಯಲ್ಲಿ ಹಾಕಿಡಿ, ಒಣಗಿದ ಮೇಲೆ ಬೇರೆ ಗಿಡಗಳಿಗೆ ಗೊಬ್ಬರವಾಗುತ್ತದೆ.

ಸಂಜೆ ದೀಪ

ಸಂಜೆ ತುಳಸಿಯನ್ನು ಮುಟ್ಟುವುದಿಲ್ಲ, ನೀರೂ ಹಾಕುವುದಿಲ್ಲ. ದೀಪ ಇಟ್ಟು ಕೈ ಮುಗಿದರೆ ಆಯಿತು. ಬೇಸಿಗೆಯಲ್ಲಿ ಮಧ್ಯಾಹ್ನ ಗಿಡ ಬಾಡಿ ಮಣ್ಣೂ ಒಣಗಿದ್ದರೆ ನಾಲ್ಕೂವರೆ ಐದರೊಳಗೆ ನೀರು ಕೊಟ್ಟುಬಿಡಿ.

ದೀಪದ ವಿಷಯದಲ್ಲಿ ಒಂದು ಎಚ್ಚರ ಬೇಕು. ಈಗ ಪಾರಿವಾಳದ ಕಾಟಕ್ಕೆ ಬಾಲ್ಕನಿ ತುಂಬ ನೈಲಾನ್ ಬಲೆ ಕಟ್ಟಿಸಿರುತ್ತೇವೆ. ನೈಲಾನ್‌ಗೆ ಕಿಡಿ ತಾಗಿದರೆ ಕರಗಿ ತೊಟ್ಟಿಕ್ಕುತ್ತದೆ. ಮೇಲೆ ಒಣಗುವ ಬಟ್ಟೆಯೂ ಇರುತ್ತದೆ. ಬಲೆಯಿಂದ, ಬಟ್ಟೆಯಿಂದ, ಎಲೆಯಿಂದ ಕನಿಷ್ಠ ಒಂದೂವರೆ ಅಡಿ ದೂರದಲ್ಲಿ, ನೆಲದ ಮೇಲೆ, ಗಾಜಿನ ಚಿಮಣಿಯೊಳಗೆ ದೀಪ ಇಡಿ. ಅರ್ಧ ಗಂಟೆ ಉರಿಯುವಷ್ಟೇ ಎಣ್ಣೆ ಹಾಕಿ. ಮನೆಯಿಂದ ಹೊರಗೆ ಹೋಗುವ ಸಂಜೆಯಾದರೆ ದೀಪ ಶಾಂತವಾದ ಮೇಲೇ ಬೀಗ ಹಾಕಿ.

ತೆನೆ ಬಂದರೆ ತೆಗೆಯಿರಿ

ತುಳಸಿಗೆ ತೆನೆ ಬಂತೆಂದರೆ ಗಿಡ ಬೀಜ ಕಟ್ಟುವ ಕೆಲಸಕ್ಕೆ ಇಳಿದಿದೆ ಎಂದು ಅರ್ಥ. ಎಲ್ಲ ತೆನೆಯನ್ನೂ ಹಣ್ಣಾಗಲು ಬಿಟ್ಟರೆ ಎಲೆ ಸಣ್ಣದಾಗುತ್ತದೆ, ಕಾಂಡ ಕಟ್ಟಿಗೆಯಾಗುತ್ತದೆ, ಗಿಡ ಬೇಗ ಮುಪ್ಪಾಗುತ್ತದೆ. ತೆನೆ ಹಸಿರಾಗಿದ್ದಾಗಲೇ ಅದರ ಕೆಳಗಿನ ಎರಡೆಲೆಯ ಗೆಣ್ಣಿಗೆ ಮೇಲೆ ಉಗುರಿಂದ ಚಿವುಟಿ. ಅಲ್ಲಿಂದ ಎರಡು ಹೊಸ ಕುಡಿ ಹೊರಡುತ್ತವೆ. ಚಿವುಟಿದ್ದು ಕಸವಲ್ಲ, ದೇವರ ಮನೆಯ ವಿಷ್ಣುವಿಗೋ ಸಾಲಿಗ್ರಾಮಕ್ಕೋ ಏರಿಸಿ. ಮಂಜರಿ ವಿಷ್ಣುವಿಗೆ ಪ್ರಿಯ ಎನ್ನುತ್ತಾರೆ. ಇಲ್ಲಿ ಶಾಸ್ತ್ರವೂ ತೋಟಗಾರಿಕೆಯೂ ಒಂದೇ ಮಾತು ಹೇಳುತ್ತವೆ.

ದ್ವಾದಶಿ, ಮಂಗಳವಾರ, ಶುಕ್ರವಾರ ಮತ್ತು ಸೂರ್ಯ ಮುಳುಗಿದ ಮೇಲೆ ತುಳಸಿ ಕೊಯ್ಯುವುದಿಲ್ಲ ಎನ್ನುವುದು ಹಲವು ಮನೆಗಳ ಪದ್ಧತಿ. ಅಮಾವಾಸ್ಯೆ, ಹುಣ್ಣಿಮೆ, ಭಾನುವಾರ ಸೇರಿಸುವವರೂ ಇದ್ದಾರೆ. ನಿಮ್ಮ ಹಿರಿಯರು ಹೇಳಿದ್ದನ್ನು ಪಾಲಿಸಿ. ಆ ದಿನಗಳಿಗೆ ಬೇಕಾದ ದಳವನ್ನು ಹಿಂದಿನ ದಿನವೇ ಕೊಯ್ದಿಡಬಹುದು, ತುಳಸಿಗೆ ಹಳತು ಎನ್ನುವ ದೋಷವಿಲ್ಲ. ಸಣ್ಣ ಗಿಡಕ್ಕೆ ಈ ಬಿಡುವು ಒಳ್ಳೆಯದೇ. ಬುಡದ ಎಲೆಗಳನ್ನು ಒಂದೊಂದಾಗಿ ಕಿತ್ತು ಬೋಳು ಮಾಡುವ ಬದಲು ತುದಿಯ ಕುಡಿಯನ್ನು ನಾಲ್ಕೆಲೆ ಸಮೇತ ಚಿವುಟಿ.

ಒಂದು ಮನೆಯ ತುಳಸಿ

ಜೆ.ಪಿ. ನಗರದ ಫ್ಲಾಟ್‌ನಲ್ಲಿರುವ ನಮ್ಮ ಚಿಕ್ಕಮ್ಮ ಒಂದು ಮಳೆಗಾಲದಲ್ಲಿ ಫೋನ್ ಮಾಡಿದರು. "ದಿನಾ ನೀರು ಹಾಕ್ತೀನಿ ಕಣೇ, ಆದ್ರೂ ಬಾಡ್ತಾನೇ ಇದೆ. ಇವತ್ತು ಎರಡು ಚೊಂಬು ಹಾಕ್ದೆ." ಹೋಗಿ ನೋಡಿದರೆ ಗಿಡ ಚಂದದ ಕಲ್ಲಿನ ಬೃಂದಾವನದಲ್ಲಿ ನೇರವಾಗಿ ನೆಟ್ಟಿತ್ತು. ಎಲೆಗಳು ಜೋತುಬಿದ್ದಿದ್ದವು. ಕೆಳಗಿನ ಎಲೆಗಳು ಹಳದಿಯಾಗಿ ಉದುರಿದ್ದವು. ಮಣ್ಣು ಕಪ್ಪಗೆ ಹೊಳೆಯುತ್ತಿತ್ತು, ಮೂಗಿನ ಹತ್ತಿರ ತಂದರೆ ಚರಂಡಿ ವಾಸನೆ.

ನೀರು ಕಡಿಮೆಯಾದರೂ ಗಿಡ ಬಾಡುತ್ತದೆ, ಜಾಸ್ತಿಯಾದರೂ ಬಾಡುತ್ತದೆ. ನೋಡಲು ಎರಡೂ ಒಂದೇ ಥರ. ವ್ಯತ್ಯಾಸ ಇರುವುದು ಮಣ್ಣಿನಲ್ಲಿ. ಮಣ್ಣು ಒಣಗಿದ್ದು ಗಿಡ ಬಾಡಿದ್ದರೆ ಬಾಯಾರಿಕೆ, ನೀರು ಕೊಟ್ಟ ಒಂದೆರಡು ಗಂಟೆಯಲ್ಲಿ ಎದ್ದು ನಿಲ್ಲುತ್ತದೆ. ಮಣ್ಣು ಒದ್ದೆಯಿದ್ದೂ ಬಾಡಿದ್ದರೆ ಬೇರು ಕೊಳೆತಿದೆ, ನೀರು ಸುತ್ತಲೂ ಇದ್ದರೂ ಹೀರಲು ಆಗುತ್ತಿಲ್ಲ. ಅಲ್ಲಿ ಇನ್ನಷ್ಟು ನೀರು ಸುರಿದರೆ ಮುಗಿಯಿತು.

ಗಿಡವನ್ನು ಹುಷಾರಾಗಿ ಎತ್ತಿ ಬೇರು ತೊಳೆದೆವು. ಆರೋಗ್ಯವಾದ ಬೇರು ಬೆಳ್ಳಗೆ ಗಟ್ಟಿಯಾಗಿರುತ್ತದೆ. ಇಲ್ಲಿ ಮುಕ್ಕಾಲು ಭಾಗ ಕಂದಾಗಿ, ಎಳೆದರೆ ಸಿಪ್ಪೆ ಕಳಚಿ ನೂಲಿನಂತೆ ಕೈಗೆ ಬರುತ್ತಿತ್ತು. ಕೊಳೆತದ್ದನ್ನೆಲ್ಲ ಶುದ್ಧ ಕತ್ತರಿಯಿಂದ ಕತ್ತರಿಸಿದೆವು. ಬೇರು ಕಡಿಮೆಯಾದ ಮೇಲೆ ಅಷ್ಟೂ ಎಲೆಯನ್ನು ಸಾಕಲು ಅದಕ್ಕೆ ಆಗುವುದಿಲ್ಲ. ಹಾಗಾಗಿ ಮೇಲಿನ ಅರ್ಧವನ್ನೂ ಕತ್ತರಿಸಬೇಕಾಯಿತು. ಚಿಕ್ಕಮ್ಮನಿಗೆ ಕೈ ಬರಲಿಲ್ಲ. ಕೈ ಮುಗಿದು "ತಾಯಿ, ನಿನ್ನ ಉಳಿಸೋಕೇ" ಎಂದು ಹೇಳಿ ಕತ್ತರಿಯನ್ನು ನನ್ನ ಕೈಗೆ ಕೊಟ್ಟರು.

ಬುಡದ ಭಾಗವನ್ನು ತೂತಿರುವ ಹತ್ತಿಂಚಿನ ಮಣ್ಣಿನ ಕುಂಡಕ್ಕೆ, ಹೊಸ ಮಣ್ಣಿಗೆ ನೆಟ್ಟೆವು. ಒಂದು ಸಲ ನೀರು ಕೊಟ್ಟು, ಒಂದು ವಾರ ನೆರಳಿನಲ್ಲಿ ಇಟ್ಟೆವು. ಕತ್ತರಿಸಿದ ಕುಡಿಗಳಲ್ಲಿ ತೆನೆ ಇಲ್ಲದ ನಾಲ್ಕನ್ನು ಆರಿಸಿ, ಗೆಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆ ತೆಗೆದು ಗಾಜಿನ ಲೋಟದ ನೀರಿನಲ್ಲಿ ನಿಲ್ಲಿಸಿದೆವು. ನೀರನ್ನು ಎರಡು ದಿನಕ್ಕೊಮ್ಮೆ ಬದಲಿಸಬೇಕು. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಗೆಣ್ಣಿನಿಂದ ಬಿಳಿ ಬೇರು ಇಳಿಯುತ್ತದೆ, ಒಂದಿಂಚಾದ ಮೇಲೆ ಮಣ್ಣಿಗೆ ನೆಡಬಹುದು. ಹಳೆಯ ಬುಡ ಉಳಿಯಲಿಲ್ಲ. ಕುಡಿಗಳಲ್ಲಿ ಎರಡು ಬದುಕಿದವು. ಹಾಗಾಗಿ ಅದೇ ತುಳಸಿ ಮನೆಯಲ್ಲಿ ಉಳಿಯಿತು. ಈಗ ಕಲ್ಲಿನ ಬೃಂದಾವನ ಮುಂದೆ, ಕುಂಡ ಹಿಂದೆ. ಚಿಕ್ಕಮ್ಮನ ಚೊಂಬಿನ ಪಕ್ಕ ಒಂದು ಉದ್ಧರಣೆ ಬಂದಿದೆ.

ಉಳಿಯದ ಬುಡವನ್ನು ಕಸದ ಬುಟ್ಟಿಗೆ ಹಾಕುವಂತಿಲ್ಲ. ಒಣಗಿಸಿ ಕಡ್ಡಿ ಮಾಡಿ ಹೋಮಕ್ಕೆ ಕೊಡಬಹುದು, ಇಲ್ಲವೇ ಚೂರು ಮಾಡಿ ಇನ್ನೊಂದು ಕುಂಡದ ಮಣ್ಣಿನಲ್ಲಿ ಹೂಳಬಹುದು. ಕೊಳೆತ ಬೇರನ್ನು ಮಾತ್ರ ಹೊಸ ತುಳಸಿಯ ಕುಂಡಕ್ಕೆ ಸೇರಿಸಬೇಡಿ.

ಹುಳ ಬಂದಾಗ

ಎಲೆ ಮುರುಟಿ, ಮೇಲೆ ಸಣ್ಣ ಬಿಳಿ ಚುಕ್ಕಿ ಬಂದು ಕೊನೆಗೆ ಸುಟ್ಟಂತಾದರೆ ಎಲೆ ತಿರುಗಿಸಿ ನೋಡಿ. ಕೆಳಗೆ ಕಪ್ಪು ಹಿಕ್ಕೆಯ ಚುಕ್ಕಿ, ಜಾಲರಿಯಂಥ ರೆಕ್ಕೆಯ ಸಾಸಿವೆಗಿಂತ ತುಸು ದೊಡ್ಡ ಹುಳ ಇರುತ್ತದೆ. ಗೆಣ್ಣುಗಳಲ್ಲಿ ಹತ್ತಿಯ ತುಣುಕಿನ ಹಾಗೆ ಬೆಳ್ಳಗೆ ಕಂಡರೆ ಅದು ಹಿಟ್ಟು ತಿಗಣೆ. ಎರಡಕ್ಕೂ ಮೊದಲು ಕೆಟ್ಟ ಎಲೆ ಕಿತ್ತು, ಗಿಡವನ್ನು ಬಗ್ಗಿಸಿ ನಲ್ಲಿಯ ರಭಸದ ನೀರಿನಲ್ಲಿ ಎಲೆಯ ಕೆಳಭಾಗ ತೊಳೆಯಿರಿ. ಆಮೇಲೆ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಬೇವಿನ ಎಣ್ಣೆ, ಅದು ಬೆರೆಯಲು ಸ್ವಲ್ಪ ಅಂಟುವಾಳ ಕಾಯಿ ನೊರೆ ಹಾಕಿ ಚೆನ್ನಾಗಿ ಕುಲುಕಿ, ಬಿಸಿಲು ಇಳಿದ ಮೇಲೆ ಆದರೆ ಸೂರ್ಯ ಮುಳುಗುವ ಮುಂಚೆ ಸಿಂಪಡಿಸಿ. ವಾರ ಬಿಟ್ಟು ಇನ್ನೊಮ್ಮೆ. ಸಿಂಪಡಿಸಿದ ಒಂದು ವಾರ ಆ ಗಿಡದ ದಳವನ್ನು ತೀರ್ಥಕ್ಕೆ, ಕಷಾಯಕ್ಕೆ ಬಳಸಬೇಡಿ. ಅಂಗಡಿಯ ರಾಸಾಯನಿಕ ಔಷಧಿ ಬೇಡವೇ ಬೇಡ, ಈ ಎಲೆ ಬಾಯಿಗೆ ಹೋಗುವಂಥದ್ದು.

ಗೊಬ್ಬರ ತಿಂಗಳಿಗೊಮ್ಮೆ ಒಂದು ಹಿಡಿ ಎರೆಗೊಬ್ಬರ ಸಾಕು.

ಉತ್ಥಾನ ದ್ವಾದಶಿ ಮತ್ತು ಅದರ ಮಾರನೇ ದಿನ

ಕಾರ್ತಿಕ ಶುದ್ಧ ದ್ವಾದಶಿಯ ಸಂಜೆ ತುಳಸಿಗೆ ಮದುವೆ. ತುಳಸಿಯ ಪಕ್ಕ ಕಾಯಿ ಇರುವ ಬೆಟ್ಟದ ನೆಲ್ಲಿ ಕೊಂಬೆ ಇಟ್ಟು ಕೃಷ್ಣನೆಂದು ಪೂಜಿಸುತ್ತೇವೆ. ಎಷ್ಟೋ ಮನೆಗಳಲ್ಲಿ ಆ ಕೊಂಬೆಯನ್ನು ಕುಂಡದ ಮಣ್ಣಿಗೇ ಚುಚ್ಚುತ್ತಾರೆ. ಸಣ್ಣ ಕುಂಡದಲ್ಲಿ ಬೇರು ಇಲ್ಲದ ಜಾಗವೇ ಇರುವುದಿಲ್ಲ, ಕೊಂಬೆ ಇಳಿದಲ್ಲೆಲ್ಲ ಬೇರು ಹರಿಯುತ್ತದೆ. ಕೊಂಬೆಯನ್ನು ಮರಳು ತುಂಬಿದ ಲೋಟದಲ್ಲಿ ನಿಲ್ಲಿಸಿ ಕುಂಡಕ್ಕೆ ಆನಿಸಿ ಇಡಿ, ಎರಡನ್ನೂ ಸೇರಿಸಿ ಹೊರಗಿನಿಂದ ಒಂದು ಹೂವಿನ ಮಾಲೆ ಸುತ್ತಿ. ನೆಲ್ಲಿಕಾಯಿಯ ತಲೆ ಕೊರೆದು ತುಪ್ಪದ ಬತ್ತಿ ಇಟ್ಟು ಹಚ್ಚುವ ದೀಪಗಳನ್ನು ತಟ್ಟೆಯಲ್ಲಿ ಜೋಡಿಸಿ, ಎಲೆಯ ಕೆಳಗೆ ಬೇಡ.

ಮಾರನೇ ದಿನ ಬೆಳಿಗ್ಗೆ ಮಾಲೆ, ಕೊಂಬೆ ತೆಗೆದು ಎಲೆಗಳ ಮೇಲೆ ನೀರು ಚಿಮುಕಿಸಿ ಎಣ್ಣೆ, ಹೊಗೆಯ ಜಿಡ್ಡು ತೊಳೆಯಿರಿ. ಮಣ್ಣಿನ ಮೇಲೆ ಬಿದ್ದ ಅಕ್ಷತೆ, ಕುಂಕುಮ ಆರಿಸಿ ತೆಗೆಯಿರಿ. ಇಲ್ಲಿಂದ ಮುಂದೆ ಬೆಂಗಳೂರಿನ ಚಳಿ ಶುರು. ರಾತ್ರಿ 15 ಡಿಗ್ರಿ ಹತ್ತಿರ ಇಳಿಯುವ ಡಿಸೆಂಬರ್, ಜನವರಿಯಲ್ಲಿ ತುಳಸಿ ಬೆಳೆಯುವುದನ್ನು ನಿಲ್ಲಿಸಿ ಒಂದಷ್ಟು ಎಲೆ ಉದುರಿಸುತ್ತದೆ. ಗಾಬರಿಯಾಗಿ ನೀರು, ಗೊಬ್ಬರ ಜಾಸ್ತಿ ಮಾಡಬೇಡಿ. ಗೊಬ್ಬರ ಫೆಬ್ರವರಿವರೆಗೆ ನಿಲ್ಲಿಸಿ, ಕುಂಡವನ್ನು ಬಾಲ್ಕನಿಯಲ್ಲಿ ಅತಿ ಹೆಚ್ಚು ಬಿಸಿಲು ಬೀಳುವ ಕಡೆ ಸರಿಸಿ. ಕುಂಡದ ತುಳಸಿ ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೆ ಮುಪ್ಪಾಗುತ್ತದೆ. ಹಾಗಾಗಿ ಒಂದೆರಡು ತೆನೆಯನ್ನು ಗಿಡದಲ್ಲೇ ಒಣಗಲು ಬಿಟ್ಟು, ಅಂಗೈಯಲ್ಲಿ ಉಜ್ಜಿ ಬೀಜ ತೆಗೆದು ಕಾಗದದ ಪೊಟ್ಟಣದಲ್ಲಿ ಇಟ್ಟುಕೊಳ್ಳಿ. ಫೆಬ್ರವರಿ ಕೊನೆಗೆ ಬಿಸಿಲು ಏರಿದಾಗ ಒದ್ದೆ ಮಣ್ಣಿನ ಮೇಲೆ ಉದುರಿಸಿ, ಬೀಜ ಮುಚ್ಚಿಯೂ ಮುಚ್ಚದ ಹಾಗೆ ತೆಳ್ಳಗೆ ಮಣ್ಣು ಚಿಮುಕಿಸಿ. ಒಂದೆರಡು ವಾರದಲ್ಲಿ ಸಸಿ ಏಳುತ್ತದೆ, ನಾಲ್ಕೆಲೆ ಬಂದಾಗ ಬೇರೆ ಕುಂಡಕ್ಕೆ ಎತ್ತಿ ನೆಡಿ.